ಖಾರದ ಪುಡಿ ಕೊಳ್ಳುವ ಮೊದಲು ಕೇಳಬೇಕಾದ ಕಾಗದ, ತರಿಸಬೇಕಾದ ಪೊಟ್ಟಣ

ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಮೆಣಸಿನಕಾಯಿ ಕೊಳ್ಳುವವರಿಗೆ ಕಾಗದದ ಹಂಗಿಲ್ಲ. ಚೀಲದ ಬಾಯಿ ಬಿಚ್ಚಿರುತ್ತದೆ. ಅನುಭವಸ್ಥ ವ್ಯಾಪಾರಿ ಕೈ ಹಾಕಿ ನಾಲ್ಕು ಕಾಯಿ ಎತ್ತಿಕೊಂಡು, ಒಂದನ್ನು ಮುರಿದು ಬೀಜ ನೋಡಿ, ಮೂಸಿ, ಮುಷ್ಟಿಯಲ್ಲಿ ಅದುಮಿ ತೇವ ಎಷ್ಟಿದೆ ಎಂದು ಅಂದಾಜಿಸಿ, ಮನಸ್ಸಿನಲ್ಲೇ ಒಂದು ದರ ಕಟ್ಟುತ್ತಾನೆ. ಅಲ್ಲಿ ಇಡೀ ರಾಶಿಯೇ ಸ್ಯಾಂಪಲ್.

ಅದೇ ಕಾಯಿ ಪುಡಿಯಾಯಿತೆಂದರೆ ಈ ವಿದ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ತೊಟ್ಟು ತೆಗೆದು ಬೀಸಿದರೋ, ತೊಟ್ಟಿನ ಸಮೇತ ಬೀಸಿದರೋ, ಕಾಯಿ ಈ ಸುಗ್ಗಿಯದೋ ಹೋದ ವರ್ಷ ಶೀತಲಗೃಹದಲ್ಲಿದ್ದದ್ದೋ, ಹೊಳಪು ಕಾಯಿಯದೋ ಮೇಲೆ ಸೇರಿಸಿದ ಎಣ್ಣೆಯದೋ ಎಂಬುದನ್ನು ಬೆರಳು ಹೇಳಲಾರದು. ಮಾಲನ್ನು ಫೋನಿನಲ್ಲಿ, ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ ಹೊಸ ಸಪ್ಲೈಯರ್‌ನಿಂದ ತರಿಸುವಾಗಲಂತೂ ಕೊಳ್ಳುವವರ ಕೈಗೆ ಸಿಗುವುದು ಎರಡೇ: ಒಂದು ಸ್ಪೆಸಿಫಿಕೇಶನ್ ಹಾಳೆ, ಒಂದು ಸ್ಯಾಂಪಲ್ ಪೊಟ್ಟಣ. ಇವೆರಡನ್ನೂ ಕೇಳಿ ಪಡೆಯುವುದು ಬಹಳ ಜನಕ್ಕೆ ಗೊತ್ತು. ಆದರೆ ಆ ಹಾಳೆಗೂ ಆ ಪೊಟ್ಟಣಕ್ಕೂ ಮುಂದೆ ಲಾರಿಯಲ್ಲಿ ಬರುವ ಚೀಲಗಳಿಗೂ ಗಂಟು ಹಾಕದಿದ್ದರೆ ಮೂರೂ ಮೂರು ಬೇರೆ ಬೇರೆ ಸರಕಾಗಬಹುದು. ಕಚ್ಚಾಮಾಲಿನ ವ್ಯವಹಾರದಲ್ಲಿ ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು ಮಾಡಿ ಮಾರುವ ಒಂದು ಸಣ್ಣ ಘಟಕ. ನಡೆಸುವವರು ಇಬ್ಬರು ಮಹಿಳೆಯರು. ತಿಂಗಳಿಗೆ 200 ಕೆ.ಜಿ. ಬ್ಯಾಡಗಿ ಖಾರದ ಪುಡಿ ಬೇಕು. ಹಳೆಯ ಸಪ್ಲೈಯರ್ ವ್ಯಾಪಾರ ನಿಲ್ಲಿಸಿದ್ದಾರೆ. ಹಾವೇರಿ ಕಡೆಯ ಹೊಸಬರೊಬ್ಬರ ನಂಬರ್ ಸಿಕ್ಕಿದೆ. ಫೋನ್ ಮಾಡಿ ಕಾಗದಗಳ ಮಾತೆತ್ತಿದರೆ ಆ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: “ಕಾಗದ ತಗೊಂಡು ಏನ್ ಮಾಡ್ತೀರಿ ಅಕ್ಕಾರ, ಮಾಲ್ ನೋಡ್ರಿ ಮೊದ್ಲು!” ಇದು ಮೋಸದ ಮಾತೇ ಆಗಬೇಕಿಲ್ಲ, ಮಾಲು ನೋಡಿಯೇ ದರ ಕಟ್ಟಿದ ಊರಿನ ರೂಢಿ ಅದು. ಆದರೂ “ಮಾಲೂ ನೋಡ್ತೀವಿ ಸರ್, ಹಾಳೆನೂ ಕಳಿಸಿ” ಎಂದು ಪಟ್ಟು ಹಿಡಿಯಬೇಕು.

ಕೇಳುವುದನ್ನು ಬಾಯಲ್ಲಿ ಹೇಳಿ ಬಿಡುವ ಬದಲು ಬರೆದು ಕಳಿಸುವುದು ಒಳ್ಳೆಯದು. ವಾಟ್ಸ್ಆ್ಯಪ್ ಆದರೂ ಸಾಕು. “ಸ್ಪೆಕ್ ಕಳಿಸಿ” ಎಂದಷ್ಟೇ ಬರೆದರೆ ಯಾರಿಗೋ ಮಾಡಿಟ್ಟ ಹಳೆಯ ಪಿಡಿಎಫ್ ಬರುತ್ತದೆ. ಅದರ ಬದಲು ಹೀಗೆ ಬರೆಯಬಹುದು:

“ನಮಸ್ಕಾರ ಸರ್. ನಾವು ಮೈಸೂರಿನಲ್ಲಿ ಸಾರಿನ ಪುಡಿ ತಯಾರಿಸುತ್ತೇವೆ. ತೊಟ್ಟು ತೆಗೆದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ತಿಂಗಳಿಗೆ 200 ಕೆ.ಜಿ. ಬೇಕು. ನಮಗೆ ಬಣ್ಣ ಮುಖ್ಯ, ಖಾರ ಮಧ್ಯಮ ಸಾಕು. ದಯವಿಟ್ಟು ಈ ಪುಡಿಯ ಸ್ಪೆಸಿಫಿಕೇಶನ್ ಹಾಳೆ, ಈಗ ನಿಮ್ಮಲ್ಲಿ ತಯಾರಿರುವ ಲಾಟಿನ ಪರೀಕ್ಷಾ ವರದಿ, ಅದೇ ಲಾಟಿನಿಂದ ತೆಗೆದ ಒಂದು ಕೆ.ಜಿ. ಸ್ಯಾಂಪಲ್ ಕಳಿಸಿ. ಪೊಟ್ಟಣದ ಮೇಲೆ ಲಾಟ್ ನಂಬರ್, ಬೀಸಿದ ದಿನಾಂಕ ಬರೆದಿರಲಿ. ಸ್ಯಾಂಪಲ್ ಮತ್ತು ಕೊರಿಯರ್ ಹಣ ನಾವು ಕೊಡುತ್ತೇವೆ. ನಿಮ್ಮ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಕನಿಷ್ಠ ಆರ್ಡರ್ ಎಷ್ಟು, ಹೇಳಿದ ದರ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನೂ ತಿಳಿಸಿ.”

ಸ್ಯಾಂಪಲ್‌ಗೆ ಹಣ ಕೊಡುತ್ತೇವೆ ಎನ್ನುವ ಸಾಲು ದುಂದಲ್ಲ. ಪುಕ್ಕಟೆ ಬರುವ ಐವತ್ತು ಗ್ರಾಂ ಪೊಟ್ಟಣ ಪರೀಕ್ಷೆಗೂ ಸಾಲದು, ಅಡುಗೆಗೂ ಸಾಲದು. ಹಣ ಕೊಡುತ್ತೇವೆ ಎಂದಾಗ ಬೇಕಾದಷ್ಟು ಕೇಳಲು ಬಾಯಿ ಬರುತ್ತದೆ. ಎದುರಿನವರಿಗೂ ಇವರು ಸುಮ್ಮನೆ ದರ ವಿಚಾರಿಸುವವರಲ್ಲ ಎಂದು ತಿಳಿಯುತ್ತದೆ. ಲೈಸೆನ್ಸ್ ನಂಬರ್ 14 ಅಂಕಿಯದು, foscos.fssai.gov.in ಜಾಲತಾಣದಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಕಾಣುತ್ತದೆ. ಪರವಾನಗಿ ಬರೀ ವ್ಯಾಪಾರಕ್ಕೋ, ತಯಾರಿಕೆಗೂ ಇದೆಯೋ ಎಂಬುದನ್ನು ಅಲ್ಲೇ ನೋಡಿಕೊಳ್ಳಬೇಕು. “ನಮ್ಮದೇ ಗಿರಣಿ” ಎಂದವರ ಪರವಾನಗಿಯಲ್ಲಿ ತಯಾರಿಕೆಯ ಸುಳಿವೇ ಇಲ್ಲದಿದ್ದರೆ ಪುಡಿ ಎಲ್ಲಿ ಬೀಸಿದ್ದು ಎಂದು ಕೇಳುವ ಹಕ್ಕು ನಿಮಗಿದೆ.

ಹಾಳೆ ಬಂತು ಎಂದುಕೊಳ್ಳಿ. ಅದರಲ್ಲಿ ಮೊದಲು ನೋಡಬೇಕಾದದ್ದು ಅಂಕಿಯಲ್ಲ, ಅಂಕಿಯ ಪಕ್ಕದ ಮಾತು. ‘ಕನಿಷ್ಠ’, ‘ಗರಿಷ್ಠ’ ಎಂದಿದ್ದರೆ ಅದು ವಚನ. ‘ಸಾಮಾನ್ಯವಾಗಿ’ ಅಥವಾ ‘ಸರಾಸರಿ’ ಎಂದಿದ್ದರೆ ವರ್ಣನೆ. ಬಣ್ಣ 80ರಿಂದ 130 ಎಂದು ಬರೆದವರು ನಿಮಗೆ ಮಾತು ಕೊಟ್ಟದ್ದು 80ಕ್ಕೆ ಮಾತ್ರ, 130 ಎಂಬುದು ಆಸೆ ಹುಟ್ಟಿಸಲು. ಇನ್ನು ‘ಎಫ್‌ಎಸ್‌ಎಸ್‌ಎಐ ಮಾನದಂಡದಂತೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ ಹಾಳೆಗಳೂ ಬರುತ್ತವೆ. ಖಾರದ ಪುಡಿಗೆ ಆ ಮಾನದಂಡದಲ್ಲಿ ತೇವಾಂಶ ಶೇ. 11 ಮೀರಬಾರದು, ಒಟ್ಟು ಬೂದಿ ಶೇ. 8 ಮೀರಬಾರದು, ಆಮ್ಲದಲ್ಲಿ ಕರಗದ ಬೂದಿ, ಅಂದರೆ ಮಣ್ಣು ಮರಳಿನ ಪಾಲು, ಶೇ. 1.3 ಮೀರಬಾರದು ಎಂದಿದೆ. ಇದನ್ನು ಮೀರಿದರೆ ಮಾರಲೇ ಬಾರದು ಎನ್ನುವ ಗೆರೆ ಅದು. ನಿಮ್ಮ ಸಾರಿನ ಬಣ್ಣ ಹೇಗಿರಬೇಕೆಂದು ಆ ಗೆರೆ ಹೇಳುವುದಿಲ್ಲ.

ತೇವಾಂಶದ ಅಂಕಿ ನೇರವಾಗಿ ದುಡ್ಡಿನ ಮಾತು. 200 ಕೆ.ಜಿ. ಪುಡಿಯಲ್ಲಿ ಶೇ. 8 ತೇವವಿದ್ದರೆ 16 ಕೆ.ಜಿ. ನೀರು, ಶೇ. 11 ಇದ್ದರೆ 22 ಕೆ.ಜಿ. ದರ ಕೆ.ಜಿ.ಗೆ 300 ರೂಪಾಯಿ ಎಂದು ಹಿಡಿದರೆ ಆ ಆರು ಕೆ.ಜಿ. ಹೆಚ್ಚಿನ ನೀರಿಗೆ 1,800 ರೂಪಾಯಿ ಕೊಟ್ಟಂತಾಯಿತು. ಅದೂ ಕಾನೂನು ಒಪ್ಪುವ ಮಿತಿಯೊಳಗೇ. ಮಳೆಗಾಲದಲ್ಲಿ ಇಂಥ ಪುಡಿ ಗಂಟುಕಟ್ಟಿ ಬೂಷ್ಟು ಹಿಡಿಯುವ ಅಪಾಯ ಬೇರೆ.

ಬಣ್ಣದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಬ್ಯಾಡಗಿಗೆ ಬೆಲೆ ಬರುವುದೇ ಅದರಿಂದ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನ ಮೊದಲಕ್ಷರಗಳಿಂದ ಬಂದ ‘ಆಸ್ಟಾ’ ಎಂಬ ಅಳತೆ ಈಗ ನಮ್ಮ ಮೆಣಸಿನಕಾಯಿ ವ್ಯಾಪಾರಿಗಳ ಬಾಯಲ್ಲೂ ಓಡಾಡುತ್ತದೆ. ಪುಡಿಯನ್ನು ಅಸಿಟೋನ್‌ನಲ್ಲಿ ರಾತ್ರಿಯಿಡೀ ಕತ್ತಲಲ್ಲಿ ನೆನೆಸಿ, ಬಿಟ್ಟುಕೊಂಡ ಕೆಂಪು 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಯಂತ್ರದಲ್ಲಿ ಅಳೆದು ಈ ಅಂಕಿ ಕಟ್ಟುತ್ತಾರೆ. ಕಣ್ಣಿಗೆ ಕಾಣುವ ಹೊಳಪಿಗೂ ಇದಕ್ಕೂ ನೇರ ಸಂಬಂಧವಿಲ್ಲ. ನುಣ್ಣಗೆ ಬೀಸಿದ ಪುಡಿ, ಎಣ್ಣೆ ಸವರಿದ ಪುಡಿ ಕಣ್ಣಿಗೆ ಬೇರೆಯೇ ಕೆಂಪು ತೋರಿಸುತ್ತವೆ. ಖಾರದ ಪುಡಿಗೆ ಶೇ. 2ರವರೆಗೆ ಖಾದ್ಯ ತೈಲ ಸೇರಿಸಲು ನಿಯಮವೇ ಅವಕಾಶ ಕೊಟ್ಟಿದೆ, ಆದರೆ ಯಾವ ಎಣ್ಣೆ ಎಷ್ಟು ಎಂದು ಲೇಬಲ್‌ನಲ್ಲಿ ಹೇಳಿರಬೇಕು. ಹಾಳೆಯಲ್ಲಿ ಎಣ್ಣೆಯ ಮಾತೇ ಇಲ್ಲದೆ ಸ್ಯಾಂಪಲ್ ಕಾಗದದ ಮೇಲೆ ಜಿಡ್ಡಿನ ಕಲೆ ಬಿಟ್ಟರೆ ಅದು ಕೇಳಬೇಕಾದ ಪ್ರಶ್ನೆ.

ಮೈಸೂರಿನ ನಮ್ಮ ಘಟಕದ ಮುಂದೆ ಈಗ ಎರಡು ಹಾಳೆಗಳಿವೆ ಎನ್ನೋಣ. ದರಗಳು ಲೆಕ್ಕಕ್ಕಾಗಿ ಹಿಡಿದವು. ಒಬ್ಬರದು ಕನಿಷ್ಠ ಆಸ್ಟಾ 80, ಕೆ.ಜಿ.ಗೆ 270 ರೂಪಾಯಿ. ಇನ್ನೊಬ್ಬರದು, ಹಾವೇರಿಯವರದು, ಕನಿಷ್ಠ 110, ಕೆ.ಜಿ.ಗೆ 320. ಐವತ್ತು ರೂಪಾಯಿ ಉಳಿಯಿತು ಎಂದು ಮೊದಲನೆಯವರ ಕಡೆ ಕೈ ಹೋಗುವುದು ಸಹಜ. ಆದರೆ ಇವರಿಗೆ ಬೇಕಾದದ್ದು ಬಣ್ಣ. 110ರ ಪುಡಿ ಹತ್ತು ಕೆ.ಜಿ. ಹಾಕಿದಾಗ ಬರುವ ಬಣ್ಣಕ್ಕೆ 80ರ ಪುಡಿ ಹದಿಮೂರೂ ಮುಕ್ಕಾಲು ಕೆ.ಜಿ. ಬೇಕು. ಅಂದರೆ ಅಲ್ಲಿ 3,200 ರೂಪಾಯಿ, ಇಲ್ಲಿ 3,700ಕ್ಕಿಂತ ಹೆಚ್ಚು. ಜೊತೆಗೆ ಹೆಚ್ಚಿಗೆ ಹಾಕಿದ ಪುಡಿಯ ಖಾರವೂ ಸಾರಿಗೆ ಸೇರಿ, ಕೊತ್ತಂಬರಿ ಮೆಂತ್ಯದ ಅಳತೆಯೆಲ್ಲ ಏರುಪೇರಾಗುತ್ತದೆ. ಹೋಟೆಲಿಗೆ ಖಾರಕ್ಕೆಂದೇ ಪುಡಿ ಮಾರುವವರಿಗೆ ಈ ಲೆಕ್ಕ ತಿರುಗಾಮುರುಗಾ ಆಗಬಹುದು. ಅವರು ನೋಡಬೇಕಾದದ್ದು ಸ್ಕೋವಿಲ್ ಅಂಕಿ.

ಹಾಳೆಯಲ್ಲಿ ‘ಬ್ಯಾಡಗಿ’ ಎಂಬ ಹೆಸರಿಗೂ ವಿವರ ಕೇಳಬೇಕಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕಡ್ಡಿ, ಡಬ್ಬಿ ಎಂಬ ಎರಡು ಬಗೆ ಎಲ್ಲರಿಗೂ ಗೊತ್ತು. ಆದರೆ ಅದೇ ಮಾರುಕಟ್ಟೆಗೆ 2043, 5531 ಎಂದು ನಂಬರಿನಿಂದ ಕರೆಯುವ ಹೈಬ್ರಿಡ್ ಕಾಯಿಗಳೂ ರಾಶಿ ರಾಶಿ ಬರುತ್ತವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕೊಂಡದ್ದೆಲ್ಲ ಬ್ಯಾಡಗಿ ಕಾಯಿಯಲ್ಲ. ಹೈಬ್ರಿಡ್ ಬೆರೆಸುವುದು ಅಪರಾಧವೇನಲ್ಲ, ನಿಮ್ಮ ರುಚಿಗೆ ಅದೇ ಹೊಂದಬಹುದು. ಇಂದು ಇರುವ ಬೆರಕೆ ಮುಂದಿನ ತಿಂಗಳೂ ಅದೇ ಇರುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಸ್ಪೆಸಿಫಿಕೇಶನ್ ಹಾಳೆ ಎಲ್ಲ ಲಾಟುಗಳಿಗೂ ಕೊಟ್ಟ ಮಾತಾದರೆ, ಪರೀಕ್ಷಾ ವರದಿ ಒಂದು ಲಾಟಿನ ಜಾತಕ. ಇಲ್ಲಿ ಕಣ್ಣು ತಪ್ಪಿಸಿಕೊಳ್ಳುವ ಒಂದು ಸಾಲಿದೆ. ಪ್ರಯೋಗಾಲಯದ ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಈ ಫಲಿತಾಂಶ ಪರೀಕ್ಷಿಸಿದ ಸ್ಯಾಂಪಲ್‌ಗೆ ಮಾತ್ರ ಅನ್ವಯ, ಸ್ಯಾಂಪಲ್ ತಂದುಕೊಟ್ಟವರು ಗ್ರಾಹಕರು ಎಂಬರ್ಥದ ಮಾತಿರುತ್ತದೆ. ಲ್ಯಾಬ್ ಸುಳ್ಳು ಹೇಳಿಲ್ಲ. ಸಪ್ಲೈಯರ್ ತಂದುಕೊಟ್ಟ ಅರ್ಧ ಕೆ.ಜಿ. ಒಳ್ಳೆಯದೇ ಇತ್ತು. ಅದು ನಿಮ್ಮ ಚೀಲದಿಂದ ತೆಗೆದದ್ದೇ ಎಂಬುದಕ್ಕೆ ಲ್ಯಾಬ್ ಹೊಣೆಯಲ್ಲ. ಆದ್ದರಿಂದ ವರದಿಯ ಲಾಟ್ ನಂಬರ್, ದಿನಾಂಕ ಎರಡೂ ಸ್ಯಾಂಪಲ್ ಪೊಟ್ಟಣದ ಮೇಲಿನ ಬರಹಕ್ಕೆ ತಾಳೆಯಾಗಬೇಕು. ಎರಡು ವರ್ಷ ಹಿಂದಿನ ವರದಿ ಬಂದರೆ ಅದು ಎರಡು ವರ್ಷ ಹಿಂದಿನ ಪುಡಿಯ ಕಥೆ. ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ನೋಡುವವರು ಅಲ್ಲಿಗೇ ನಿಲ್ಲುತ್ತಾರೆ. ಮಾನ್ಯತೆ ಪರೀಕ್ಷೆ ಪರೀಕ್ಷೆಗೂ ಬೇರೆ ಬೇರೆ. ಬೂದಿ ಅಳೆಯಲು ಮಾನ್ಯತೆ ಪಡೆದ ಲ್ಯಾಬ್‌ಗೆ ವಿಷಶಿಲೀಂಧ್ರ ಅಳೆಯುವ ಮಾನ್ಯತೆ ಇಲ್ಲದಿರಬಹುದು.

ಒಂದು ಕೆ.ಜಿ. ಸ್ಯಾಂಪಲ್ ಬಂದಾಗ ತಕ್ಷಣ ಒಗ್ಗರಣೆಗೆ ಹಾಕುವ ಉತ್ಸಾಹ ತಡೆದುಕೊಂಡು ಅದನ್ನು ಮೂರು ಪಾಲು ಮಾಡಬೇಕು. ಒಂದು ಪಾಲು ನಿಮ್ಮ ಖರ್ಚಿನಲ್ಲಿ ಲ್ಯಾಬ್‌ಗೆ. ಎಷ್ಟು ಗ್ರಾಂ ಬೇಕೆಂದು ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಒಂದು ಪಾಲು ಅಡುಗೆಗೆ. ಮೂರನೆಯದನ್ನು ಗಾಳಿಯಾಡದ ಡಬ್ಬಿಗೆ ತುಂಬಿ, ಟೇಪ್ ಸುತ್ತಿ, ಲಾಟ್ ನಂಬರ್ ಬರೆದು, ಇಬ್ಬರೂ ಸಹಿ ಹಾಕಿ ಫ್ರಿಜ್ಜಿನಲ್ಲಿ ಇಡಬೇಕು. ಕತ್ತಲು ಮತ್ತು ತಂಪು ಎರಡೂ ಬೇಕು, ಏಕೆಂದರೆ ಮೆಣಸಿನ ಬಣ್ಣ ಬೆಳಕು, ಗಾಳಿ, ಶಾಖ ಮೂರಕ್ಕೂ ಸೋಲುತ್ತದೆ. ಕಪಾಟಿನ ಗಾಜಿನ ಬಾಟಲಿಯಲ್ಲಿಟ್ಟ ಸಾಕ್ಷಿ ಮೂರು ತಿಂಗಳಲ್ಲಿ ತಾನೇ ಮಾಸಿ, ಮುಂದೆ ಬಂದ ಕಳಪೆ ಮಾಲಿನ ಪರವಾಗಿ ಸಾಕ್ಷಿ ನುಡಿದೀತು.

ಅಡುಗೆಯ ಪರೀಕ್ಷೆ ಎಂದರೆ ನಾಲಿಗೆಗೆ ಚಿಟಿಕೆ ಇಟ್ಟುಕೊಳ್ಳುವುದಲ್ಲ. ನಿಮ್ಮದೇ ಸಾರಿನ ಪುಡಿಯನ್ನು ನಿಮ್ಮದೇ ಅಳತೆಯಲ್ಲಿ ಹಳೆಯ ಖಾರದಿಂದ ಒಂದು ಸಲ, ಹೊಸದರಿಂದ ಒಂದು ಸಲ ಮಾಡಿ, ಸಾರು ಕುದಿಸಿ ನೋಡಬೇಕು. ಮೂರು ಲೋಟ ಇಡಿ, ಎರಡರಲ್ಲಿ ಒಂದೇ ಸಾರು, ಒಂದರಲ್ಲಿ ಬೇರೆಯದು. ಯಾವುದು ಬೇರೆ ಎಂದು ಮನೆಯವರನ್ನು, ಅಕ್ಕಪಕ್ಕದವರನ್ನು ಕೇಳಿ, ಯಾವುದು ಚೆನ್ನ ಎಂದು ಕೇಳಬೇಡಿ. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಹತ್ತಾರು ಜನರಲ್ಲಿ ಅದಕ್ಕಿಂತ ತೀರ ಹೆಚ್ಚಿನವರು ಪತ್ತೆ ಹಚ್ಚಿದರೆ ನಿಮ್ಮ ಗಿರಾಕಿಗಳಿಗೂ ವ್ಯತ್ಯಾಸ ತಿಳಿಯುತ್ತದೆ ಎಂದೇ ಲೆಕ್ಕ.

ಕಲಬೆರಕೆಗೆ ಮನೆಮನೆಯಲ್ಲೂ ಪ್ರಸಿದ್ಧವಾದ ಪರೀಕ್ಷೆ ಲೋಟದ ನೀರಿನದು. ಪುಡಿಯನ್ನು ನೀರಿನ ಮೇಲೆ ಉದುರಿಸಿದಾಗ ಕೂಡಲೇ ಬಣ್ಣದ ಗೆರೆಗಳು ಇಳಿದರೆ ನೀರಲ್ಲಿ ಕರಗುವ ಕೃತಕ ಬಣ್ಣ ಇದೆ ಎಂದರ್ಥ. ತಳದ ಗಸಿಯನ್ನು ತಿಕ್ಕಿದಾಗ ಕರಕರ ಎಂದರೆ ಇಟ್ಟಿಗೆ ಪುಡಿ ಅಥವಾ ಮರಳಿನ ಅನುಮಾನ. ಮಾಡಿ ನೋಡಲು ಅಡ್ಡಿಯಿಲ್ಲ. ಆದರೆ ಅಲ್ಲಿ ಪಾಸಾಯಿತೆಂದು ನಿಶ್ಚಿಂತೆಯಾಗುವಂತಿಲ್ಲ, ಏಕೆಂದರೆ ಖಾರದ ಪುಡಿಗೆ ಬೆರೆಸುವ ಬಣ್ಣಗಳಲ್ಲಿ ಅತ್ಯಂತ ಕುಖ್ಯಾತವಾದ ಸುಡಾನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. 2003ರಲ್ಲಿ ಫ್ರಾನ್ಸ್ ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಸುಡಾನ್-1 ಪತ್ತೆ ಹಚ್ಚಿ ಯುರೋಪಿಗೆಲ್ಲ ಎಚ್ಚರಿಕೆ ಕಳಿಸಿತು. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಅಂಥ ಖಾರದ ಪುಡಿ ಒಂದು ವೂಸ್ಟರ್ ಸಾಸಿಗೆ ಸೇರಿ, ಆ ಸಾಸು ನೂರಾರು ತಿಂಡಿಗಳಿಗೆ ಸೇರಿ, 400ಕ್ಕೂ ಹೆಚ್ಚು ಬಗೆಯ ಆಹಾರಗಳನ್ನು ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. ಸುಡಾನ್ ಪರೀಕ್ಷೆ ಲ್ಯಾಬ್‌ನಲ್ಲೇ ಆಗಬೇಕು. ವರದಿಯಲ್ಲಿ ಆ ಹೆಸರಿನ ಸಾಲು ಇಲ್ಲದಿದ್ದರೆ ಅದನ್ನು ಯಾರೂ ಹುಡುಕಿಲ್ಲ ಎಂದೇ ತಿಳಿಯಬೇಕು.

ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರದ ವಿಷದ ವಿಷಯದಲ್ಲಿ ಮಾತ್ರ ಸ್ಯಾಂಪಲ್‌ನ ಮಾತನ್ನೂ ಪೂರ್ತಿ ನಂಬುವಂತಿಲ್ಲ. ನಮ್ಮ ನಿಯಮದಲ್ಲಿ ಮಸಾಲೆಗೆ ಒಟ್ಟು ಮಿತಿ ಕೆ.ಜಿ.ಗೆ 30 ಮೈಕ್ರೋಗ್ರಾಂ. ಬೂಷ್ಟು ಹಿಡಿದ ಕಾಯಿ ಇಡೀ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಇರುವುದರಿಂದ ಒಂದು ಮೂಲೆಯಿಂದ ತೆಗೆದ ಹಿಡಿಯಲ್ಲಿ ಏನೂ ಕಾಣದೆ, ಇನ್ನೊಂದು ಮೂಲೆಯಲ್ಲಿ ಮಿತಿ ಮೀರಿರಬಹುದು. ಹಲವು ಚೀಲಗಳಿಂದ ತೆಗೆದು ಬೆರೆಸಿದ ಸ್ಯಾಂಪಲ್ ಬೇಕು ಎಂದು ಕೇಳುವುದು, ಕಾಯಿಯನ್ನು ಹೇಗೆ ಒಣಗಿಸಿದರು, ಎಲ್ಲಿ ಕೂಡಿಟ್ಟರು ಎಂದು ವಿಚಾರಿಸುವುದು, ಇದಕ್ಕಿಂತ ಹೆಚ್ಚಿನದು ಸಣ್ಣ ಘಟಕದ ಕೈಯಲ್ಲಿಲ್ಲ.

ಪರೀಕ್ಷೆ ಮುಗಿದು, ಒಪ್ಪಿಗೆಯಾಗಿ, ಆರ್ಡರ್ ಬರೆಯುವ ಹೊತ್ತು. ‘ಖಾರದ ಪುಡಿ 200 ಕೆ.ಜಿ., ದರ 320’ ಎಂದು ಬರೆದರೆ ಇಲ್ಲಿಯವರೆಗೆ ಮಾಡಿದ ಕೆಲಸವೆಲ್ಲ ಕೈತಪ್ಪುತ್ತದೆ. ಹಾಳೆಯ ನಂಬರ್ ಮತ್ತು ದಿನಾಂಕ, ಒಪ್ಪಿದ ಸ್ಯಾಂಪಲ್‌ನ ಲಾಟ್ ನಂಬರ್, ಲಾರಿ ಹೊರಡುವಾಗ ಆಸ್ಟಾ ಕನಿಷ್ಠ 110, ತೇವಾಂಶ ಗರಿಷ್ಠ ಶೇ. 10, ಬರುವ ಲಾಟಿನದೇ ವರದಿ ಮಾಲಿನ ಜೊತೆ, ತಕರಾರು ಬಂದರೆ ಯಾವ ಲ್ಯಾಬ್‌ನ ಮಾತು ಇಬ್ಬರಿಗೂ ಒಪ್ಪಿಗೆ, ಇಷ್ಟು ಬರೆದಿರಬೇಕು. 1930ರ ಸರಕು ಮಾರಾಟ ಕಾಯಿದೆ ಇಂಥ ವ್ಯವಹಾರಕ್ಕೆಂದೇ ಬರೆದಂತಿದೆ. ಅದರ 17ನೇ ಕಲಮಿನ ಪ್ರಕಾರ ಸ್ಯಾಂಪಲ್ ತೋರಿಸಿ ಮಾರಿದಾಗ ಇಡೀ ಸರಕು ಗುಣದಲ್ಲಿ ಆ ಸ್ಯಾಂಪಲ್‌ಗೆ ಸರಿಸಮ ಇರಬೇಕು, ಕೊಂಡವರಿಗೆ ಎರಡನ್ನೂ ಹೋಲಿಸಿ ನೋಡುವ ಅವಕಾಶವಿರಬೇಕು. ವಿವರಣೆ, ಸ್ಯಾಂಪಲ್ ಎರಡನ್ನೂ ಕೊಟ್ಟು ಮಾರಿದ್ದರೆ ಎರಡಕ್ಕೂ ಸರಿಹೊಂದಬೇಕು ಎನ್ನುತ್ತದೆ 15ನೇ ಕಲಮು. ಸ್ಯಾಂಪಲ್ ಒಂದಿದ್ದರೆ ಸಾಲದೇ, ಹಾಳೆಯೂ ಯಾಕೆ ಎಂಬ ಹಾವೇರಿಯವರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಅದೇ ಕಾಯಿದೆಯ 42ನೇ ಕಲಮು ಕೊಂಡವರಿಗೂ ಒಂದು ಎಚ್ಚರಿಕೆ ಇಟ್ಟಿದೆ. ಸರಕು ಬಂದ ಮೇಲೆ ಅದು ತಮ್ಮದೇ ಎಂಬಂತೆ ಬಳಸಿದರೆ, ಅಥವಾ ಬೇಡ ಎಂದು ತಿಳಿಸದೆ ಸಾಕಷ್ಟು ಕಾಲ ಇಟ್ಟುಕೊಂಡರೆ, ಒಪ್ಪಿಕೊಂಡಂತೆ. ಎಂಟು ಚೀಲದಲ್ಲಿ ಮೂರನ್ನು ಸಾರಿನ ಪುಡಿಗೆ ಬೆರೆಸಿ, ಆಮೇಲೆ ಬಣ್ಣ ಕಡಿಮೆ ಎಂದು ಫೋನ್ ಮಾಡುವವರ ವಾದ ನಿಲ್ಲುವುದು ಕಷ್ಟ.

ಹಾಗಾಗಿ 25 ಕೆ.ಜಿ.ಯ ಎಂಟು ಚೀಲ ಬಂದಿಳಿದ ದಿನ ಒಂದನ್ನೂ ಬಳಕೆಗೆ ಬಿಚ್ಚಬಾರದು. ಎಷ್ಟು ಚೀಲ ತಪಾಸಣೆ ಮಾಡಬೇಕು ಎಂಬುದಕ್ಕೆ ಉಗ್ರಾಣಗಳಲ್ಲಿ ಬಳಕೆಯಲ್ಲಿರುವ ಒಂದು ಸುಲಭ ಲೆಕ್ಕವಿದೆ: ಚೀಲಗಳ ಸಂಖ್ಯೆಯ ವರ್ಗಮೂಲಕ್ಕೆ ಒಂದು ಕೂಡಿಸಿ. ಎಂಟಕ್ಕೆ ಸುಮಾರು ನಾಲ್ಕು. ಆ ನಾಲ್ಕು ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿ, ಬಿಳಿ ಕಾಗದದ ಮೇಲೆ ಹಗಲು ಬೆಳಕಿನಲ್ಲಿ ಫ್ರಿಜ್ಜಿನ ಡಬ್ಬಿಯ ಪುಡಿಯ ಪಕ್ಕ ಹರಡಿ ನೋಡಬೇಕು. ಚೀಲದ ಲಾಟ್ ನಂಬರ್, ವರದಿಯ ಲಾಟ್ ನಂಬರ್ ಒಂದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅನುಮಾನ ಬಂದರೆ ಮೊದಲೇ ಒಪ್ಪಿದ ಲ್ಯಾಬ್‌ಗೆ ಕಳಿಸಿ, ಅದೇ ದಿನ ಸಪ್ಲೈಯರ್‌ಗೆ ಬರೆದು ತಿಳಿಸಬೇಕು: ಪರೀಕ್ಷೆಗೆ ಕಳಿಸಿದ್ದೇವೆ, ಫಲಿತಾಂಶ ಬರುವವರೆಗೆ ಮಾಲು ಒಪ್ಪಿಲ್ಲ ಎಂದು.

ನಮ್ಮ ಉದಾಹರಣೆಯಲ್ಲಿ ಫಲಿತಾಂಶ 96 ಬಂತು ಎನ್ನೋಣ. ಕಲಬೆರಕೆ ಇಲ್ಲ, ತೇವ ಸರಿ, ಬಣ್ಣ ಮಾತ್ರ ಹೇಳಿದ್ದಕ್ಕಿಂತ ಕಡಿಮೆ. ಸ್ಯಾಂಪಲ್ ಫೆಬ್ರುವರಿಯ ಹೊಸ ಕಾಯಿಯದು, ಮಾಲು ಹಳೆಯ ದಾಸ್ತಾನಿನಿಂದ ಬೀಸಿದ್ದು, ಹೀಗಾಗುವುದು ಅಪರೂಪವಲ್ಲ. ಪೂರ್ತಿ ತಿರಸ್ಕರಿಸಬಹುದು. ತುರ್ತು ಇದ್ದರೆ ದರ ಇಳಿಸಿ ಉಳಿಸಿಕೊಳ್ಳಬಹುದು: 320 ರೂಪಾಯಿಯನ್ನು 110ರಿಂದ ಭಾಗಿಸಿ 96ರಿಂದ ಗುಣಿಸಿದರೆ 279 ರೂಪಾಯಿ ಚಿಲ್ಲರೆ. ಇನ್ನೂರು ಕೆ.ಜಿ.ಗೆ ಎಂಟು ಸಾವಿರ ರೂಪಾಯಿ ಮೀರಿದ ವ್ಯತ್ಯಾಸ. ಹಾವೇರಿಯವರು ಮೊದಲು ಗೊಣಗಿದರೂ ಕಾಗದದ ಮೇಲಿನ 110ನ್ನು ಅಲ್ಲಗಳೆಯಲಾರರು. ದರ ಇಳಿಸಿ ಇಟ್ಟುಕೊಂಡರೆ ಆ ಮಾತೂ ಬರಹದಲ್ಲಿರಲಿ, ಇದು ಈ ಲಾಟಿಗೆ ಮಾತ್ರ, ಮುಂದಿನದಕ್ಕೆ 110 ಹಾಗೇ ಇದೆ ಎಂದು. ಮುಂದಿನ ಸುಗ್ಗಿಯ ಕಾಯಿ ಮಾರುಕಟ್ಟೆಗೆ ಬಂದಾಗ ಹೊಸ ಸ್ಯಾಂಪಲ್ ತರಿಸಿ, ಫ್ರಿಜ್ಜಿನ ಹಳೆಯ ಡಬ್ಬಿಯ ಜಾಗದಲ್ಲಿ ಅದನ್ನಿಡಬೇಕು.